ಬ್ಯಾಂಕಿಗೆ ಒಯ್ಯುವ ಮುಂಚೆ ಜಿಪಿಎ ಓದುವುದು ಹೇಗೆ?

ನಾನು ಬ್ಯಾಂಕಿನಲ್ಲಿ ಇದ್ದಾಗಿನ ಮಾತು. ಮೈಸೂರಿನ ನಮ್ಮ ಶಾಖೆಗೆ ಒಂದು ಬೆಳಿಗ್ಗೆ ಒಬ್ಬರು ಅಮ್ಮ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಫೋಲ್ಡರ್. ಒಳಗೆ ಆರು ಪುಟದ ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ತನ್ನ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಜಿಪಿಎ. ಮಗ ಹ್ಯೂಸ್ಟನ್‌ನಿಂದ ಕೊರಿಯರ್ ಮಾಡಿದ್ದ. ಮೊದಲ ಪುಟಕ್ಕೆ ಚಿನ್ನದ ಬಣ್ಣದ ಸೀಲು ಬೇರೆ.

"ಸಾರ್, ಮಗ ಎಲ್ಲಾ ಬರೆದು ಕಳಿಸಿದ್ದಾನೆ. ಇನ್ನು ಅವನ ಅಕೌಂಟಿನ ಚೆಕ್ಕಿಗೆ ನಾನೇ ಸೈನ್ ಮಾಡಬಹುದಲ್ವಾ?"

ಓದಿ ನೋಡಿದೆ. ಸೈಟು ಮಾರಬಹುದು, ಕೋರ್ಟಿಗೆ ಹೋಗಬಹುದು, ಪಾಲಿಕೆಯಲ್ಲಿ ಖಾತೆ ಮಾಡಿಸಬಹುದು, ಚೆಸ್ಕಾಂ ಮೀಟರ್ ಹಾಕಿಸಬಹುದು. ಚೆಕ್ಕಿಗೆ ಸೈನ್ ಮಾಡಬಹುದು ಅಂತ ಮಾತ್ರ ಎಲ್ಲೂ ಇರಲಿಲ್ಲ. ಅವತ್ತು ಆ ತಾಯಿಯನ್ನು ಬರಿಗೈಯಲ್ಲಿ ಕಳಿಸಬೇಕಾಯಿತು. ಆ ಕಾಗದವನ್ನೇ ಮುಂದಿಟ್ಟುಕೊಂಡು, ಕೌಂಟರ್ ಹಿಂದೆ ಕೂತವರು ಜಿಪಿಎಯನ್ನು ಹೇಗೆ ಓದುತ್ತಾರೆ ಅಂತ ಹೇಳುತ್ತೇನೆ. ಮನೆಯಲ್ಲಿ ನೀವೂ ಅದೇ ಸಾಲಿನಲ್ಲಿ ಓದಿಬಿಟ್ಟರೆ, ಬ್ಯಾಂಕು ಏನನ್ನುತ್ತೆ ಅನ್ನೋದು ಮುಂಚೆಯೇ ಗೊತ್ತಾಗುತ್ತೆ.

ಓದುವ ಮುಂಚೆ ಒಂದು ಚೀಟಿಯಲ್ಲಿ ನಿಮಗೆ ಬೇಕಾದ ಕೆಲಸಗಳನ್ನು ಬರೆದುಕೊಳ್ಳಿ. ಆ ತಾಯಿಗೆ ಬೇಕಿದ್ದದ್ದು ನಾಲ್ಕು. ವಿದೇಶದಲ್ಲಿರುವವರು ಇಲ್ಲಿನ ವರಮಾನಕ್ಕೆ ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆ ಮಗನದು, ಅದಕ್ಕೆ ಮನೆ ಬಾಡಿಗೆ ಬೀಳುತ್ತಿತ್ತು. ಅದರಿಂದ ಮನೆ ಕಂದಾಯ, ಯಜಮಾನರ ಆಸ್ಪತ್ರೆ ಬಿಲ್ಲು ಕಟ್ಟಬೇಕು. ಮುಂದಿನ ತಿಂಗಳು ಅವಧಿ ಮುಗಿಯುವ ಎಫ್‌ಡಿಯನ್ನು ಮುಂದುವರಿಸಬೇಕು. ಮಗನ ಎಟಿಎಂ ಕಾರ್ಡು ಬಳಸಬೇಕು. ಮಗಳ ಗೃಹಪ್ರವೇಶಕ್ಕೆ ಅಣ್ಣನ ಕಡೆಯಿಂದ 2 ಲಕ್ಷ ರೂಪಾಯಿ ಉಡುಗೊರೆ ಕೊಡಬೇಕು. ಈ ಚೀಟಿ ಪಕ್ಕದಲ್ಲೇ ಇರಲಿ.

1. ಮೊದಲು ಹೆಸರು, ನಂಬರು

ಕಾಗದದಲ್ಲಿರುವ ಹೆಸರು ಪಾಸ್‌ಬುಕ್ಕಿನಲ್ಲಿರುವ ಹೆಸರಿಗೆ ಅಕ್ಷರಕ್ಕೆ ಅಕ್ಷರ ಸರಿ ಹೋಗಬೇಕು. ನಮ್ಮ ಕಡೆ ಇನಿಷಿಯಲ್ ಗೋಳು ದೊಡ್ಡದು. ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದಿರುತ್ತೆ, ಬ್ಯಾಂಕಿನಲ್ಲಿ ಬರೀ ಎರಡು ಇನಿಷಿಯಲ್ ಇರುತ್ತೆ. ಅಮೆರಿಕದ ನೋಟರಿ ಪಾಸ್‌ಪೋರ್ಟ್ ನೋಡಿ ಬರೆಸುತ್ತಾರೆ, ಇಲ್ಲಿ ಬ್ಯಾಂಕು "ಇವರು ಅವರೇನಾ?" ಅಂತ ಕೇಳುತ್ತೆ. ಎರಡೂ ಹೆಸರು ಕಾಗದದಲ್ಲೇ ಬಂದು, ಇಬ್ಬರೂ ಒಬ್ಬರೇ ಅನ್ನುವ ಒಂದು ಸಾಲು ಇದ್ದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಆಮೇಲೆ ಖಾತೆ ನಂಬರು ಮತ್ತು ಶಾಖೆ. ನಂಬರು ಇಲ್ಲದ ಜಿಪಿಎ ಕಾನೂನಿನ ಪ್ರಕಾರ ತಪ್ಪಲ್ಲ. "ನನ್ನ ಎಲ್ಲ ಬ್ಯಾಂಕ್ ಖಾತೆಗಳು" ಅಂತ ಬರೆದರೂ ಅರ್ಥ ಆಗುತ್ತೆ. ಆದರೆ ನಂಬರು ಇದ್ದರೆ ಅಧಿಕಾರಿಗೆ ಅನುಮಾನಕ್ಕೆ ಜಾಗ ಇರುವುದಿಲ್ಲ. ಖಾಲಿ ಜಾಗ ಬಿಟ್ಟು ಆಮೇಲೆ ಬೇರೆ ಪೆನ್ನಿನಲ್ಲಿ ನಂಬರು ತುಂಬಿಸಿದ್ದರೆ ಮಾತ್ರ ಇಡೀ ಕಾಗದದ ಮೇಲೇ ಅನುಮಾನ ಬರುತ್ತೆ. ತಿದ್ದಿದ, ತುಂಬಿಸಿದ ಪ್ರತಿ ಜಾಗದಲ್ಲೂ ಖಾತೆದಾರರ ಸಹಿ ಇರಬೇಕು.

ಜಂಟಿ ಖಾತೆಯಾದರೆ ಇನ್ನೊಂದು ಪ್ರಶ್ನೆ ಇದೆ. ಇಬ್ಬರ ಖಾತೆಗೆ ಒಬ್ಬರೇ ಜಿಪಿಎ ಕೊಟ್ಟರೆ ಸಾಮಾನ್ಯವಾಗಿ ಬ್ಯಾಂಕು ಒಪ್ಪುವುದಿಲ್ಲ. "ಇಬ್ಬರಲ್ಲಿ ಯಾರಾದರೂ" ಅನ್ನುವ ಖಾತೆಯಾದರೂ ಎಲ್ಲ ಖಾತೆದಾರರ ಸಹಿ ಕೇಳುತ್ತಾರೆ.

ಅಧಿಕಾರ ಪಡೆಯುವವರು ಇಬ್ಬರಿದ್ದರೆ "ಒಟ್ಟಾಗಿ" ಅಂತ ಇದೆಯೋ, "ಯಾರಾದರೂ ಒಬ್ಬರು" ಅಂತ ಇದೆಯೋ ನೋಡಿ. ಒಟ್ಟಾಗಿ ಅಂತಿದ್ದರೆ ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಬೇಕು. ಒಬ್ಬರು ತೀರಿಕೊಂಡರೆ ಇನ್ನೊಬ್ಬರ ಕೈ ಕಟ್ಟಿ ಹಾಕಿದ ಹಾಗೆಯೇ.

2. ಕ್ರಿಯಾಪದ ಹುಡುಕಿ

ಇದೇ ಮುಖ್ಯ. ಬೇಕಾದರೆ ಪೆನ್ಸಿಲ್ ತಗೊಂಡು ಜೆರಾಕ್ಸ್ ಪ್ರತಿಯಲ್ಲಿ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ. ಮಾರಲು, ಪಡೆಯಲು, ಸಹಿ ಹಾಕಲು, ತೆಗೆಯಲು, ಮುಚ್ಚಲು. ಜಿಪಿಎಯನ್ನು ಕೋರ್ಟುಗಳು ಬಿಗಿಯಾಗಿ ಓದುತ್ತವೆ. ಬರೆದಿರುವ ಅಧಿಕಾರ ಮತ್ತು ಅದನ್ನು ನಡೆಸಲು ಬೇಕೇಬೇಕಾದ ಸಣ್ಣಪುಟ್ಟ ಕೆಲಸ, ಇಷ್ಟೇ ಸಿಗುವುದು. ಬ್ಯಾಂಕು ಇನ್ನೂ ಬಿಗಿ, ಯಾಕಂದ್ರೆ ಅಧಿಕಾರ ಇಲ್ಲದವರಿಗೆ ಹಣ ಕೊಟ್ಟರೆ ಖಾತೆದಾರರಿಗೆ ಮತ್ತೆ ತಾನೇ ತುಂಬಿಕೊಡಬೇಕು.

ಆ ತಾಯಿಯ ಕಾಗದದಲ್ಲಿ ಬ್ಯಾಂಕ್ ಅನ್ನುವ ಪದ ಎರಡು ಕಡೆ ಇತ್ತು. ಮೂರನೇ ಕಲಮು ಹೀಗೆ: "ನನ್ನ ಪರವಾಗಿ ಸರ್ಕಾರಿ ಕಚೇರಿ, ಬ್ಯಾಂಕು ಮತ್ತು ಇತರ ಸಂಸ್ಥೆಗಳ ಮುಂದೆ ಹಾಜರಾಗಿ ವ್ಯವಹರಿಸಲು." ಏಳನೇ ಕಲಮು: "ಬಾಡಿಗೆ ವಸೂಲಿ ಮಾಡಿ ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಲು."

ಮಗನ ಮನಸ್ಸಿನಲ್ಲಿ ಇದೇ ಸಾಕಿತ್ತು. ಈಗ ಬ್ಯಾಂಕಿನವರ ಕಣ್ಣಲ್ಲಿ ಓದಿ. "ಹಾಜರಾಗಿ ವ್ಯವಹರಿಸಲು" ಅಂದರೆ ಅರ್ಜಿ ಕೊಡಬಹುದು, ಸ್ಟೇಟ್‌ಮೆಂಟ್ ಕೇಳಬಹುದು. ಹಣ ತೆಗೆಯಬಹುದು ಅಂತ ಅದರಲ್ಲಿ ಇಲ್ಲ. ಏಳನೇ ಕಲಮಂತೂ ಹಣ ಒಳಗೆ ಹಾಕುವುದಕ್ಕೆ ಮಾತ್ರ. ಒಳಗೆ ಹಾಕುವ ಅಧಿಕಾರದಿಂದ ಹೊರಗೆ ತೆಗೆಯುವ ಅಧಿಕಾರ ಹುಟ್ಟುವುದಿಲ್ಲ. ಕೊನೆಯಲ್ಲಿ "ನನ್ನ ಪರವಾಗಿ ಬೇಕಾದ ಎಲ್ಲ ಕೆಲಸ ಮಾಡಲು" ಅಂತ ಒಂದು ಸಾಲು ಇತ್ತು. ಇದು ಎಲ್ಲ ಜಿಪಿಎಗಳಲ್ಲೂ ಇರುತ್ತೆ, ಜನ ಇದನ್ನೇ ನಂಬಿ ಕೂತಿರುತ್ತಾರೆ. ಮೇಲೆ ಹೇಳಿದ ಕೆಲಸಗಳಿಗೆ ಒತ್ತಾಸೆಯಾಗಿ ಬೇಕಾದದ್ದು ಅಂತಷ್ಟೇ ಅದರ ಅರ್ಥ. ಹೊಸ ಅಧಿಕಾರ ಅದರಿಂದ ಬರಲ್ಲ.

ಹಾಗಾದರೆ ಯಾವ ಕ್ರಿಯಾಪದ ಇರಬೇಕು? ನಿಮ್ಮ ಚೀಟಿಯ ಒಂದೊಂದು ಕೆಲಸಕ್ಕೂ ಒಂದೊಂದು. ಆ ತಾಯಿಗೆ ಆಮೇಲೆ ಬರೆಸಿದ ಕಲಮು ಹೆಚ್ಚುಕಡಿಮೆ ಹೀಗಿತ್ತು: "ಈ ಶಾಖೆಯಲ್ಲಿರುವ ನನ್ನ ಇಂಥ ನಂಬರಿನ ಎನ್‌ಆರ್‌ಒ ಉಳಿತಾಯ ಖಾತೆಯನ್ನು ನಡೆಸಲು, ಚೆಕ್ಕು ಮತ್ತು ವಿತ್‌ಡ್ರಾಯಲ್ ಫಾರಂಗೆ ಸಹಿ ಹಾಕಿ ಹಣ ತೆಗೆಯಲು, ವರ್ಗಾವಣೆಗೆ ಸೂಚನೆ ಕೊಡಲು, ಚೆಕ್ ಬುಕ್ ಮತ್ತು ಸ್ಟೇಟ್‌ಮೆಂಟ್ ಪಡೆಯಲು, ಚೆಕ್ ಪಾವತಿ ನಿಲ್ಲಿಸಲು, ಸದರಿ ಶಾಖೆಯಲ್ಲಿ ನನ್ನ ಹೆಸರಿನ ಠೇವಣಿಗಳನ್ನು ನವೀಕರಿಸಲು, ಅವಧಿಗೆ ಮುಂಚೆ ಮುರಿಯಲು ಮತ್ತು ಆ ಹಣವನ್ನು ಇದೇ ಖಾತೆಗೆ ಜಮಾ ಮಾಡಿಸಲು."

ಎಫ್‌ಡಿ ಮಾತು ಬೇರೆಯಾಗಿ ಬಂದಿದೆ, ಗಮನಿಸಿ. "ಖಾತೆ ನಡೆಸಲು" ಅಂದರೆ ಎಫ್‌ಡಿ ಮುರಿಯುವುದೂ ಸೇರಿತು ಅಂತ ಎಷ್ಟೋ ಶಾಖೆಗಳು ಒಪ್ಪಲ್ಲ. ಹಣ ಇದೇ ಖಾತೆಗೆ ಬರಲಿ ಅನ್ನುವ ಕಡೆಯ ತುಂಡು ಕೊಟ್ಟವರಿಗೂ ಕ್ಷೇಮ, ಬ್ಯಾಂಕಿಗೂ ನೆಮ್ಮದಿ.

ಸಾಲ ಪಡೆಯುವುದು, ಓವರ್‌ಡ್ರಾಫ್ಟ್, ಎಫ್‌ಡಿ ಅಡ ಇಡುವುದು, ಖಾತೆ ಮುಚ್ಚುವುದು, ಲಾಕರ್ ತೆಗೆಯುವುದು – ಇವೆಲ್ಲ ಹೆಸರು ಹೇಳಿ ಬರೆಯದಿದ್ದರೆ ಇಲ್ಲ ಅಂತಲೇ ತಿಳಿಯಿರಿ. ಬೇಡದಿದ್ದರೆ ಬರೆಸಲೂ ಬೇಡಿ. ಅಧಿಕಾರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದು ವಕೀಲರ ಗುಮಾಸ್ತರ ಅಭ್ಯಾಸ. ನಾಳೆ ಕೈ ಕಚ್ಚುವುದು ಕೊಟ್ಟವರಿಗೇ.

ಎಟಿಎಂ ಕಾರ್ಡು ಮತ್ತು ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಜಿಪಿಎಯಿಂದ ಕೈ ಬದಲಾಗುವ ವಸ್ತುಗಳಲ್ಲ. ಕಾರ್ಡಿನ ಕರಾರಿನಲ್ಲೇ ಪಿನ್ ಯಾರಿಗೂ ಕೊಡಬಾರದು ಅಂತ ಇರುತ್ತೆ. ಮಗನ ಕಾರ್ಡನ್ನು ಅಮ್ಮ ಬಳಸಿ, ಹಣ ಹೋದರೆ, ದೂರು ಕೊಟ್ಟಾಗ ಮೊದಲು ಬರುವ ಪ್ರಶ್ನೆಯೇ ಅದು. ಚೀಟಿಯಲ್ಲಿ ಮೂರನೇ ಕೆಲಸಕ್ಕೆ ಗೆರೆ ಹೊಡೆಯಿರಿ.

3. ಎನ್‌ಆರ್‌ಐ ಖಾತೆಯಾದರೆ ಇನ್ನೊಂದು ಬೇಲಿ ಇದೆ

ಕಾಗದದಲ್ಲಿ ಬರೆದರೂ ಕೆಲವು ಕೆಲಸ ನಡೆಯಲ್ಲ. ವಿದೇಶಿ ವಿನಿಮಯದ ಫೆಮಾ ಕಾನೂನಿನ ಕೆಳಗೆ ರಿಸರ್ವ್ ಬ್ಯಾಂಕು 2016ರಲ್ಲಿ ಮಾಡಿದ ಠೇವಣಿ ನಿಯಮಗಳು ಇಲ್ಲಿರುವ ಮುಖ್ತ್ಯಾರರ, ಅಂದರೆ ಜಿಪಿಎ ಪಡೆದವರ, ಕೈಗೆ ಮಿತಿ ಹಾಕಿವೆ. ಎನ್‌ಆರ್‌ಒ ಖಾತೆಯಿಂದ ರೂಪಾಯಿಯಲ್ಲಿ ಸ್ಥಳೀಯ ಪಾವತಿ ಮಾಡಬಹುದು. ಕಂದಾಯ, ಆಸ್ಪತ್ರೆ ಬಿಲ್ಲು ಎಲ್ಲ ಇದರಲ್ಲಿ ಬಂತು. ನಿಯಮಕ್ಕೆ ಒಪ್ಪುವ ಹೂಡಿಕೆಗೂ ಕೊಡಬಹುದು. ಬಾಡಿಗೆ, ಬಡ್ಡಿಯಂಥ ಇಲ್ಲಿನ ವರಮಾನವನ್ನು ತೆರಿಗೆ ಕಳೆದು ಖಾತೆದಾರರಿಗೇ ವಿದೇಶಕ್ಕೆ ಕಳಿಸಬಹುದು. ಬೇರೆ ಯಾರಿಗೂ ಕಳಿಸುವ ಹಾಗಿಲ್ಲ. ಇನ್ನೊಂದು ಎನ್‌ಆರ್‌ಒ ಖಾತೆಗೆ ಹಾಕುವ ಹಾಗಿಲ್ಲ. ಮುಖ್ಯವಾಗಿ, ಖಾತೆದಾರರ ಪರವಾಗಿ ಇಲ್ಲಿರುವವರಿಗೆ ಉಡುಗೊರೆ ಕೊಡುವ ಹಾಗಿಲ್ಲ.

ವಿದೇಶದ ಸಂಪಾದನೆಯನ್ನು ತಂದು ಇಡುವ ಎನ್‌ಆರ್‌ಇ ಖಾತೆಗೂ ಹೆಚ್ಚುಕಡಿಮೆ ಇದೇ ಬೇಲಿ. ಮುಖ್ತ್ಯಾರರು ಎನ್‌ಆರ್‌ಇ ಖಾತೆ ತೆರೆಯುವಂತೆಯೂ ಇಲ್ಲ.

ಆದ್ದರಿಂದ ಗೃಹಪ್ರವೇಶದ 2 ಲಕ್ಷವನ್ನು ಆ ತಾಯಿ ಚೆಕ್ ಬರೆದು ಮಗಳಿಗೆ ಕೊಡಲು ಬರುವುದಿಲ್ಲ. "ಅಣ್ಣ ತಂಗಿಗೆ ಕೊಡೋದಕ್ಕೂ ಕಾನೂನಾ?" ಅಂತ ಕೇಳಿದರು. ಅಣ್ಣ ಕೊಡಬಹುದು, ಅಣ್ಣನ ಪರವಾಗಿ ಅಮ್ಮ ಕೊಡಬಾರದು, ಅಷ್ಟೇ.

ಇಲ್ಲೇ ಇನ್ನೊಂದು ಸಿಕ್ಕು ಹೊರಬರುತ್ತೆ. ಎಷ್ಟೋ ಜನ ವಿದೇಶಕ್ಕೆ ಹೋಗಿ ಹತ್ತು ವರ್ಷವಾದರೂ ಹಳೇ ಸಾಮಾನ್ಯ ಉಳಿತಾಯ ಖಾತೆಯನ್ನೇ ಇಟ್ಟುಕೊಂಡಿರುತ್ತಾರೆ. ಜಿಪಿಎಯಲ್ಲಿ ಹ್ಯೂಸ್ಟನ್ ವಿಳಾಸ ನೋಡಿದ ತಕ್ಷಣ ಬ್ಯಾಂಕು "ಮೊದಲು ಇದನ್ನು ಎನ್‌ಆರ್‌ಒ ಮಾಡಿಸಿ" ಅನ್ನುತ್ತೆ. ಅದು ತಗಾದೆ ಅಲ್ಲ, ನಿಯಮ. ಜಿಪಿಎ ಕಳಿಸುವ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳಿ.

4. ಕಾಗದಕ್ಕೆ ಇನ್ನೂ ಜೀವ ಇದೆಯಾ?

ಜಿಪಿಎಗೆ ಇಷ್ಟೇ ವರ್ಷ ಆಯಸ್ಸು ಅಂತ ಕಾನೂನು ಹೇಳಿಲ್ಲ. ಕಾಗದದಲ್ಲೇ ಕೊನೆ ದಿನ ಇದೆಯಾ ನೋಡಿ. "ನಾನು ಭಾರತಕ್ಕೆ ವಾಪಸ್ ಬರುವ ತನಕ" ಅಂತ ಬರೆದಿದ್ದರೆ ಎಚ್ಚರ. ಮಗ ರಜಕ್ಕೆ ಎರಡು ವಾರ ಬಂದು ಹೋದರೆ ವಾಪಸ್ ಬಂದ ಹಾಗಾ, ಅಲ್ವಾ? ಇಂಥ ಸಾಲು ಇದ್ದರೆ ಬ್ಯಾಂಕಿನವರು ತಲೆ ಕೆರೆದುಕೊಳ್ಳುತ್ತಾರೆ. ದಿನಾಂಕ ಹಾಕಿಬಿಡಿ, ಇಲ್ಲವೇ "ಲಿಖಿತವಾಗಿ ರದ್ದು ಮಾಡಿ ಬ್ಯಾಂಕಿಗೆ ತಿಳಿಸುವ ತನಕ" ಅಂತ ಬರೆಯಿರಿ.

1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಕೊಟ್ಟವರಾಗಲಿ ಪಡೆದವರಾಗಲಿ ತೀರಿಕೊಂಡರೆ ಅಧಿಕಾರ ಮುಗಿಯಿತು. ಬುದ್ಧಿಸ್ವಾಧೀನ ತಪ್ಪಿದರೂ ಮುಗಿಯಿತು. ಈ ಎರಡನೆಯದು ಜನರಿಗೆ ಗೊತ್ತಿರಲ್ಲ. "ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿದೆ, ಮುಂದೆ ಬೇಕಾಗುತ್ತೆ ಅಂತ ಈಗಲೇ ಜಿಪಿಎ ಮಾಡಿಸಿದ್ದೀವಿ" ಅನ್ನುತ್ತಾರೆ. ಅಪ್ಪನಿಗೆ ತಿಳಿವಳಿಕೆ ಇರುವ ತನಕ ಮಾತ್ರ ಅದು ನಡೆಯುತ್ತೆ. ನಿಜವಾಗಿ ಬೇಕಾಗುವ ದಿನಕ್ಕೆ ಅದು ಸತ್ತಿರುತ್ತೆ. ಆಗ ಕೋರ್ಟಿನಿಂದ ಪೋಷಕರ ನೇಮಕವೇ ದಾರಿ.

ಮೈಗಷ್ಟೇ ಆಗದು, ಬುದ್ಧಿ ಚುರುಕಾಗಿದೆ ಅನ್ನುವ ಹಿರಿಯರಿಗೆ ಜಿಪಿಎ ಬೇಕಾಗದೆಯೂ ಹೋಗಬಹುದು. ಸಹಿ ಹಾಕಲಾಗದವರ ಹೆಬ್ಬೆಟ್ಟಿನ ಗುರುತನ್ನು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಗುರುತಿಸಿದರೆ, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿದ್ದರೆ, ಹಣ ತೆಗೆಯಬಹುದು. ಮನೆಗೇ ಬಂದು ಮಾಡಿಕೊಡುವ ಶಾಖೆಗಳೂ ಇವೆ. ಕೇಳಿ ನೋಡಿ.

"ಹಿಂಪಡೆಯಲಾಗದ ಜಿಪಿಎ" ಅಂತ ತಲೆಬರಹ ಇದ್ದರೆ ಬ್ಯಾಂಕ್ ಖಾತೆ ವಿಷಯದಲ್ಲಿ ಅದು ಕೆಂಪು ಬಾವುಟ. ಅಮ್ಮನಿಗೆ ಕೊಡುವ ಅಧಿಕಾರವನ್ನು ಮಗ ಯಾಕೆ ಹಿಂಪಡೆಯಬಾರದು? ಹಣ ತಗೊಂಡು ಸೈಟು ಮಾರುವ ವ್ಯವಹಾರಗಳ ನಮೂನೆಯಿಂದ ನಕಲು ಮಾಡಿದಾಗ ಈ ಪದ ನುಸುಳುತ್ತೆ.

5. ಸ್ಟ್ಯಾಂಪು, ಸೀಲು, ಸಹಿ

ಎಲ್ಲಿ ಸಹಿ ಆಯಿತು ಅನ್ನುವುದರ ಮೇಲೆ ಓದುವ ರೀತಿ ಬದಲಾಗುತ್ತೆ.

ಕರ್ನಾಟಕದಲ್ಲೇ ಮಾಡಿದ್ದರೆ ಇ-ಸ್ಟ್ಯಾಂಪ್ ನೋಡಿ. ಅದರಲ್ಲಿನ ಹೆಸರುಗಳು ಜಿಪಿಎಯ ಹೆಸರುಗಳೇ ಇರಬೇಕು, ವಿವರದಲ್ಲಿ ಪವರ್ ಆಫ್ ಅಟಾರ್ನಿ ಅಂತಲೇ ಇರಬೇಕು, ದಿನಾಂಕ ಸಹಿಯ ದಿನಕ್ಕಿಂತ ಮುಂಚಿನದು ಅಥವಾ ಅದೇ ದಿನದ್ದಾಗಿರಬೇಕು. ಆಮೇಲಿನ ದಿನಾಂಕದ ಸ್ಟ್ಯಾಂಪಿನ ಮೇಲೆ ಹಿಂದಿನ ದಿನಾಂಕದ ಸಹಿ ಅಂದರೆ ಯಾರೋ ಆಟ ಆಡಿದ್ದಾರೆ ಅಂತ ಅರ್ಥ. ದರ ಎಷ್ಟು ಅನ್ನುವುದನ್ನು ಸ್ಟ್ಯಾಂಪ್ ಕೊಳ್ಳುವ ದಿನವೇ ಕೇಳಿ, ಹಳೇ ಜಿಪಿಎ ನೋಡಿ ಅದೇ ಮೊತ್ತ ಹಾಕಬೇಡಿ. ಸೈಟು ಮಾರುವ ಅಧಿಕಾರವನ್ನೂ ಅದರಲ್ಲೇ ಸೇರಿಸಿದರೆ ಶುಲ್ಕದ ಲೆಕ್ಕವೇ ಬದಲಾಗಬಹುದು. ಅದಕ್ಕೇ ಬ್ಯಾಂಕಿಗೆ ಬೇರೆ, ಆಸ್ತಿಗೆ ಬೇರೆ ಕಾಗದ ಮಾಡಿಸಿ. ಬ್ಯಾಂಕಿನ ಜಿಪಿಎ ಎರಡು ಪುಟ ದಾಟಬೇಕಾಗಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು ಅಂತಲೂ ಇಲ್ಲ, ನೋಟರಿ ಸಾಕು.

ನೋಟರಿ ಸೀಲಿನಲ್ಲಿ ಹೆಸರು, ನೋಂದಣಿ ಸಂಖ್ಯೆ, ಅವಧಿ, ರಿಜಿಸ್ಟರಿನ ಕ್ರಮಸಂಖ್ಯೆ, ದಿನಾಂಕ ಇರಬೇಕು. "ನನ್ನ ಮುಂದೆ ಸಹಿ ಹಾಕಿದರು" ಅಂತ ಬರೆದಿರಬೇಕು. ಬರೀ "ನಿಜಪ್ರತಿ" ಸೀಲು ಇದ್ದರೆ ಅದು ಜೆರಾಕ್ಸಿಗೆ ಹಾಕುವ ಸೀಲು, ಇಲ್ಲಿ ಪ್ರಯೋಜನ ಇಲ್ಲ. ನೋಟರಿ ಅಥವಾ ಭಾರತದ ಕಾನ್ಸುಲ್ ಮುಂದೆ ಮಾಡಿದ ಜಿಪಿಎಯನ್ನು ಸರಿಯಾಗಿ ಆಗಿದೆ ಅಂತಲೇ ಕಾನೂನು ಊಹಿಸುತ್ತೆ. ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿ ಅದು 85ನೇ ಸೆಕ್ಷನ್ ಆಗಿತ್ತು, ಹೊಸ ಅಧಿನಿಯಮದಲ್ಲೂ ಆ ಮಾತು ಉಳಿದಿದೆ.

ವಿದೇಶದಿಂದ ಬಂದದ್ದಾದರೆ ಎರಡು ದಾರಿ. ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ, ಇಲ್ಲವೇ ಅಲ್ಲಿನ ನೋಟರಿ ಮುಂದೆ ಸಹಿ ಹಾಕಿ, ಅದಕ್ಕೆ ಅಪೊಸ್ಟಿಲ್ ಅನ್ನುವ ಸರ್ಕಾರಿ ದೃಢೀಕರಣ ಪತ್ರ. ಅಮೆರಿಕದಲ್ಲಿ ಅಪೊಸ್ಟಿಲ್ ಕೊಡುವುದು ಆ ನೋಟರಿ ಇರುವ ರಾಜ್ಯದ ಕಚೇರಿ. ಯುಎಇಯಂಥ ದೇಶ ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲ, ಅಲ್ಲಿಂದಾದರೆ ಕಾನ್ಸುಲೇಟೇ ಗತಿ. ಅಪೊಸ್ಟಿಲ್ ಹೇಳುವುದು "ಈ ನೋಟರಿ ನಿಜವಾದ ನೋಟರಿ" ಅಂತ ಮಾತ್ರ. ಒಳಗೆ ಬರೆದಿರುವುದಕ್ಕೆ ಅದು ಜವಾಬ್ದಾರಿ ಅಲ್ಲ. ಚಿನ್ನದ ಸೀಲು ಕಂಡು ಆ ತಾಯಿ ಹೊಂದಿದ್ದ ಭರವಸೆ ಅಲ್ಲೇ ತಪ್ಪಿತ್ತು.

ವಿದೇಶದಲ್ಲಿ ಆದ ಕಾಗದಕ್ಕೆ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ನಮ್ಮ ಸ್ಟ್ಯಾಂಪು ಶುಲ್ಕ ಕಟ್ಟಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕೊರಿಯರ್ ಕವರನ್ನು ಬಿಸಾಡಬೇಡಿ, ಕಾಗದ ಬಂದ ದಿನಕ್ಕೆ ಅದೇ ಸಾಕ್ಷಿ.

ಇನ್ನು ಸಹಿ. ಎಷ್ಟು ಸೀಲಿದ್ದರೂ ಬ್ಯಾಂಕು ಕೊನೆಗೆ ನೋಡುವುದು ತನ್ನ ಕಂಪ್ಯೂಟರಿನಲ್ಲಿರುವ ಸಹಿಯನ್ನು. ಕಾಲೇಜಿನಲ್ಲಿದ್ದಾಗ ಖಾತೆ ತೆರೆದವನು ಕನ್ನಡದಲ್ಲಿ ದುಂಡಗೆ ಸಹಿ ಹಾಕಿರುತ್ತಾನೆ. ಹದಿನೈದು ವರ್ಷದ ಮೇಲೆ ಅಮೆರಿಕದಲ್ಲಿ ಒಂದು ಗೆರೆ ಎಳೆದು ಸಹಿ ಅನ್ನುತ್ತಾನೆ. ನಾನು ಕಂಡ ಹಾಗೆ ಜಿಪಿಎ ವಾಪಸಾಗುವುದಕ್ಕೆ ಇದು ದೊಡ್ಡ ಕಾರಣ. ಪ್ರತಿ ಪುಟದಲ್ಲೂ ಬ್ಯಾಂಕಿನಲ್ಲಿರುವ ಸಹಿಯನ್ನೇ ಹಾಕಿಸಿ. ಅದೇ ಜಿಪಿಎಯಲ್ಲಿ ಪಡೆಯುವವರ ಸಹಿಯ ಮಾದರಿಯೂ ಇದ್ದು, ಕೊಟ್ಟವರು ಅದನ್ನು ದೃಢಪಡಿಸಿದ್ದರೆ ಇನ್ನೂ ಸಲೀಸು.

6. ಸಾಕ್ಷಿಗಳು

ಉಯಿಲಿಗೆ ಇಬ್ಬರು ಸಾಕ್ಷಿ ಕಡ್ಡಾಯ. ಜಿಪಿಎಗೆ ಕಾನೂನು ಹಾಗೆ ಕೇಳುವುದಿಲ್ಲ. ಆದರೂ ಬ್ಯಾಂಕಿನ ನಮೂನೆಯಲ್ಲಿ ಇಬ್ಬರ ಜಾಗ ಸಾಮಾನ್ಯವಾಗಿ ಇರುತ್ತೆ, ಖಾಲಿ ಬಿಟ್ಟರೆ ವಾಪಸ್ ಬರುತ್ತೆ. ಸಾಕ್ಷಿ ಅಂದರೆ ಖಾತೆದಾರರು ಸಹಿ ಹಾಕಿದ್ದನ್ನು ಕಣ್ಣಾರೆ ಕಂಡವರು. ಹ್ಯೂಸ್ಟನ್‌ನಲ್ಲಿ ಸಹಿ ಆದ ಕಾಗದಕ್ಕೆ ಮೈಸೂರಿನ ಚಿಕ್ಕಪ್ಪ ಸಾಕ್ಷಿ ಹಾಕಿದ್ದರೆ ಅದು ಸಾಕ್ಷಿಯಲ್ಲ, ಸುಮ್ನೆ ಇಂಕು. ಆ ತಾಯಿಯ ಕಾಗದದಲ್ಲಿ ಎರಡನೇ ಸಾಕ್ಷಿಯ ವಿಳಾಸ ಕುವೆಂಪುನಗರ ಅಂತಿತ್ತು, ದಿನಾಂಕ ನೋಟರಿಯದ್ದಕ್ಕಿಂತ ಎಂಟು ದಿನ ಆಮೇಲಿನದು. ಕೊರಿಯರ್ ಬಂದ ಮೇಲೆ ಪಕ್ಕದ ಮನೆಯವರಿಂದ ಹಾಕಿಸಿದ್ದರು, ಪಾಪ.

ಅಧಿಕಾರ ಪಡೆಯುವವರೇ ಸಾಕ್ಷಿಯಾಗಬಾರದು. ಸಾಕ್ಷಿಯ ಹೆಸರು, ಪೂರ್ತಿ ವಿಳಾಸ ಓದುವ ಹಾಗಿರಬೇಕು.

7. ಬ್ಯಾಂಕು ಒಪ್ಪುತ್ತಾ?

ಹೊಸ ಕಾಗದ ಬರೆಸುವ ಮುಂಚೆಯೇ ಶಾಖೆಗೆ ಹೋಗಿ ಅವರದೇ ನಮೂನೆ ಕೇಳಿ. ಎಷ್ಟೋ ಬ್ಯಾಂಕುಗಳಲ್ಲಿ ಅಚ್ಚು ಹಾಕಿದ ನಮೂನೆ ಇದೆ. ಅವರ ಮಾತನ್ನು ಅವರ ಕಾನೂನು ವಿಭಾಗ ಆಗಲೇ ಓದಿರುತ್ತೆ, ನಿಮ್ಮ ವಕೀಲರ ಮಾತನ್ನು ಹೊಸದಾಗಿ ಓದಬೇಕು. ಇನ್ನೂ ಸುಲಭ ಅಂದರೆ ಮಗ ರಜಕ್ಕೆ ಬಂದಾಗ ಶಾಖೆಯಲ್ಲೇ, ಅಧಿಕಾರಿಯ ಮುಂದೆ ಸಹಿ ಹಾಕುವುದು.

ಜೊತೆಗೆ ಒಯ್ಯಬೇಕಾದದ್ದು ಮೂಲ ಜಿಪಿಎ, ಒಂದು ಪ್ರತಿ, ಪಡೆದವರ ಆಧಾರ್, ಪ್ಯಾನ್, ಫೋಟೋ. ಅವರ ಕೆವೈಸಿ ಪೂರ್ತಿ ಆಗದೆ ಏನೂ ಮುಂದೆ ಹೋಗಲ್ಲ. ಬ್ಯಾಂಕಿನವರು ಖಾತೆದಾರರಿಗೆ ಫೋನೋ ಇಮೇಲೋ ಮಾಡಿ ಕೇಳಬಹುದು. ಮಗನ ಹಳೇ ಇಂಡಿಯಾ ನಂಬರೇ ದಾಖಲೆಯಲ್ಲಿದ್ದರೆ ಅಲ್ಲೇ ವಾರಗಟ್ಟಲೆ ನಿಲ್ಲುತ್ತೆ. ಕಾಗದ ಕೊಟ್ಟಾಗ ಸ್ವೀಕೃತಿ ಸಹಿ ತಗೊಳ್ಳಿ.

"ಆಗಲ್ಲ" ಅಂದರೆ ಯಾವ ಕಲಮು, ಏನು ಕೊರತೆ ಅಂತ ಬರೆದುಕೊಡಲು ಕೇಳಿ. ಬಾಯಿಮಾತಿನ ನಿರಾಕರಣೆ ದಿನಕ್ಕೊಂದು ರೂಪ ತಾಳುತ್ತೆ. ಕಾರಣವೇ ಇಲ್ಲದೆ ಅಲೆಸಿದರೆ ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು.

ಆ ತಾಯಿಯ ಕೆಲಸ ಎರಡು ತಿಂಗಳ ಮೇಲೆ ಆಯಿತು. ಮಗ ಬ್ಯಾಂಕಿನ ನಮೂನೆಯನ್ನೇ ಇಮೇಲಿನಲ್ಲಿ ತರಿಸಿಕೊಂಡು, ಕಾಲೇಜು ದಿನದ ದುಂಡು ಸಹಿಯನ್ನು ನೆನಪು ಮಾಡಿಕೊಂಡು ಹಾಕಿ, ಹ್ಯೂಸ್ಟನ್‌ನ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ. ಎರಡು ಪುಟ. ಅಷ್ಟರಲ್ಲಿ ಎಫ್‌ಡಿ ತಾನಾಗಿಯೇ ನವೀಕರಣ ಆಗಿತ್ತು. 2 ಲಕ್ಷವನ್ನು ಅವನೇ ನೆಟ್ ಬ್ಯಾಂಕಿಂಗ್‌ನಲ್ಲಿ ತಂಗಿಗೆ ಹಾಕಿದ. ತಾಯಿ ಬರೆದ ಮೊದಲ ಚೆಕ್ಕು ಪಾಲಿಕೆಯ ಕಂದಾಯದ್ದು. ಮಗನ ಹೆಸರು ಬರೆದು, ಅವನ ಪರವಾಗಿ ಮುಖ್ತ್ಯಾರರು ಅಂತ ಬರೆದು, ಕೆಳಗೆ ತಮ್ಮ ಸಹಿ. ಜಾಗ ಸಾಲದೆ ಕೊನೆಯ ಅಕ್ಷರ ಕೆಳಗಿನ ನಂಬರುಗಳ ಪಟ್ಟಿಯ ಮೇಲೆ ಇಳಿದುಬಿಟ್ಟಿತ್ತು. ಇನ್ನೊಂದು ಚೆಕ್ ಬರೆಸಿದೆ.